ಆ್ಯಪ್‌ನಲ್ಲಿ ದುಡ್ಡಿದೆ, ಮೆಟ್ರೋ ಗೇಟ್ ತೆರೆಯುತ್ತಿಲ್ಲ: ತುಮಕೂರಿಂದ ಓಡಾಡುವವರು ಇದನ್ನು ಓದಿ

ನಮ್ಮ ತುಮಕೂರಿಂದ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವವರಲ್ಲಿ ತುಂಬಾ ಜನ ಈಗ ಮಾದಾವರದಲ್ಲೇ ಬಸ್ ಇಳಿದು ಮೆಟ್ರೋ ಹತ್ತುತ್ತಾರೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಅಲ್ಲಿಯವರೆಗೆ ಬಂದ ಮೇಲೆ ನಾನೂ ಹಾಗೇ ಹೋಗುತ್ತೇನೆ. ಸ್ವಂತ ಗಾಡಿ ಇಲ್ಲ. ಕಾರ್ಡು, ಬಸ್ಸು, ಫೋನು, ಇವು ಮೂರರಲ್ಲಿ ಒಂದು ಕೈಕೊಟ್ಟರೂ ಆ ದಿನ ಹಾಳು.

ನನ್ನ ಹತ್ತಿರ ಇರುವುದು ಬ್ಯಾಂಕಿನವರು ಕೊಡುವ ರೂಪೇ ಎನ್‌ಸಿಎಂಸಿ ಕಾರ್ಡ್. ಯಾವ ಬ್ಯಾಂಕು ಅನ್ನುವುದು ಇಲ್ಲಿ ಬೇಡ. ಬಸ್ಸು ನೆಲಮಂಗಲ ದಾಟುವಾಗ ಅದರ ಆ್ಯಪ್‌ನಲ್ಲಿ 500 ರೂಪಾಯಿ ಹಾಕಿದೆ. ‘ಯಶಸ್ವಿ’ ಎಂದು ಬಂತು, ಮೊದಲಿದ್ದ 62 ಸೇರಿ 562 ತೋರಿಸಿತು. ಮಾದಾವರದಲ್ಲಿ ಕಾರ್ಡ್ ಇಟ್ಟರೆ ಗೇಟ್ ತೆರೆಯಲೇ ಇಲ್ಲ, ಬ್ಯಾಲೆನ್ಸ್ ಸಾಲದು ಅಂತು. ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರ್‌ನಲ್ಲಿದ್ದ ಹುಡುಗಿ ಕಾರ್ಡನ್ನು ಯಂತ್ರದ ಮೇಲಿಟ್ಟು ನೋಡಿ, "ಮೇಡಂ, ಇದರಲ್ಲಿ 62 ರೂಪಾಯಿ ಮಾತ್ರ ಇದೆ" ಅಂದಳು.

ಆದದ್ದು ಇಷ್ಟು. ಈ ಕಾರ್ಡಿನಲ್ಲಿ ಎರಡು ಲೆಕ್ಕ ಇರುತ್ತದೆ. ಒಂದು ಬ್ಯಾಂಕಿನ ಸರ್ವರ್‌ನಲ್ಲಿ, ಇನ್ನೊಂದು ಕಾರ್ಡಿನ ಚಿಪ್‌ನಲ್ಲಿ. ಮೆಟ್ರೋ ಗೇಟಿಗೆ ಪ್ರತಿಯೊಬ್ಬರಿಗೂ ಬ್ಯಾಂಕನ್ನು ಕೇಳಿಕೊಂಡು ನಿಲ್ಲುವಷ್ಟು ಹೊತ್ತು ಇರುವುದಿಲ್ಲ, ಅದಕ್ಕೆ ಅದು ಚಿಪ್‌ನಲ್ಲಿ ಬರೆದಿರುವುದನ್ನು ಮಾತ್ರ ಓದುತ್ತದೆ. ಆ್ಯಪ್‌ನಲ್ಲಿ ಹಾಕಿದ ದುಡ್ಡು ಸರ್ವರ್‌ನಲ್ಲೇ ಕಾಯುತ್ತಾ ಇರುತ್ತದೆ, ಮನಿ ಆರ್ಡರ್ ಊರಿನ ಅಂಚೆ ಕಚೇರಿಗೆ ಬಂದು ಮನೆಗೆ ಮಾತ್ರ ತಲುಪದೇ ಇದ್ದ ಹಾಗೆ. ಯಂತ್ರದ ಮೇಲೆ ಕಾರ್ಡ್ ಇಟ್ಟು ‘ಬ್ಯಾಲೆನ್ಸ್ ಅಪ್‌ಡೇಟ್’ ಮಾಡಿಸಿದಾಗಲೇ ಅದು ಚಿಪ್‌ಗೆ ಇಳಿಯುವುದು. ಕೆಲವು ಬ್ಯಾಂಕಿನ ಆ್ಯಪ್‌ಗಳಲ್ಲಿ ಎನ್‌ಎಫ್‌ಸಿ ಇರುವ ಫೋನಿನ ಹಿಂಬದಿಗೆ ಕಾರ್ಡ್ ಹಿಡಿದೂ ಇದನ್ನು ಮಾಡಬಹುದು.

ನನಗೆ ಪೀಣ್ಯ ಇಂಡಸ್ಟ್ರಿವರೆಗೆ ಹೋಗಬೇಕಿತ್ತು, ಕೆಲವೇ ನಿಲ್ದಾಣ. ಟಿಕೆಟ್‌ಗೆ 62 ಧಾರಾಳವಾಗಿ ಸಾಕು. ಆದರೆ ನೀವು ಎಲ್ಲಿ ಇಳಿಯುತ್ತೀರಿ ಎಂದು ಒಳಗೆ ಹೋಗುವಾಗ ಗೇಟಿಗೆ ಗೊತ್ತಾಗುವುದಿಲ್ಲವಲ್ಲ. ಅದಕ್ಕೆ 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ, ಅತಿ ಹೆಚ್ಚಿನ ದರವಾದ 90 ರೂಪಾಯಿಯಷ್ಟಾದರೂ ಕಾರ್ಡಿನಲ್ಲಿ ಇರಲೇಬೇಕು ಎಂದು ಮಾಡಿದರು.

ಕೌಂಟರ್‌ನಲ್ಲಿ ಅಪ್‌ಡೇಟ್ ಮಾಡಲು ನೋಡಿದರು, ಬ್ಯಾಂಕಿನ ಕಡೆಯಿಂದ ಉತ್ತರವೇ ಬರಲಿಲ್ಲ. ಅಪ್‌ಡೇಟ್ ಆಗಬೇಕಾದರೆ ಆ ಹೊತ್ತಿಗೆ ಬ್ಯಾಂಕಿನ ಸರ್ವರ್ ಒಪ್ಪಿಗೆ ಕೊಡಬೇಕು. ಅದು ಕೆಟ್ಟಿದ್ದರೆ ಸ್ಟೇಷನ್‌ನವರು ತಾನೇ ಏನು ಮಾಡುತ್ತಾರೆ? ಕೊನೆಗೆ ಫೋನಿನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಂಡೆ. ಅದಕ್ಕೆ 90ರ ಗೋಜಿಲ್ಲ, ಇಳಿಯುವ ಜಾಗದ ದರ ಕೊಟ್ಟರೆ ಆಯಿತು.

ಅಷ್ಟರಲ್ಲಿ ಪೀಣ್ಯದಲ್ಲಿ ನಾನು ಹತ್ತುವ ಸಿಟಿ ಬಸ್ ಹೋಗಿಯಾಗಿತ್ತು. ಬಸ್ ಟ್ರ್ಯಾಕಿಂಗ್ ಆ್ಯಪ್ ಮುಂದಿನದು ಆರು ನಿಮಿಷದಲ್ಲಿ ಬರುತ್ತದೆ ಅಂತು. ಆರು ಹೋಗಿ ಎರಡಾಯಿತು, ಆಮೇಲೆ ಆ ಸಾಲೇ ಮಾಯವಾಗಿ ಇನ್ನೊಂದು ಸಮಯ ಬಂತು, ಬಸ್ ಮಾತ್ರ ಇಲ್ಲ. ಅದು ವೇಳಾಪಟ್ಟಿಯ ಸಮಯ, ರಸ್ತೆಯಲ್ಲಿ ಓಡುತ್ತಿರುವ ಬಸ್ಸಿನದಲ್ಲ. ನಾನು ಬಳಸುವ ಆ್ಯಪ್‌ನಲ್ಲಿ ಎರಡನ್ನೂ ಒಂದೇ ಥರ ತೋರಿಸುತ್ತಾರೆ, ಇದು ನಿಜಕ್ಕೂ ತಪ್ಪು. ಕಾಯುವವರಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಬೇರೆ ಏನಿದೆ ಹೇಳಿ? ಆ ಸಾಲನ್ನು ಒತ್ತಿ ನೋಡಿ. ಗಾಡಿ ನಂಬರ್ ಇದ್ದು, ಮ್ಯಾಪಿನಲ್ಲಿ ಬಸ್ಸಿನ ಗುರುತು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಜಾಗ ಬದಲಿಸುತ್ತಿದ್ದರೆ ನಂಬಬಹುದು. ನಂಬರ್ ಇಲ್ಲ, ಗುರುತೂ ಇಲ್ಲ, ನಿಮಿಷ ಮಾತ್ರ ಇಳಿಯುತ್ತಿದೆ ಅಂದರೆ ಸುಮ್ನೆ ಕಾಯಬೇಡಿ, ಬೇರೆ ದಾರಿ ನೋಡಿ. ನನಗೆ ಆಟೋ ದುಡ್ಡೂ ಹೋಯಿತು, ಅರ್ಧ ದಿನದ ಸಂಬಳವೂ ಹೋಯಿತು.

ಕಾರ್ಡಿಗೆ ದುಡ್ಡು ಹಾಕುವುದಾದರೆ ಹಿಂದಿನ ದಿನ ಸಂಜೆ, ವಾಪಸ್ ಬರುವಾಗ ಮಾದಾವರದಲ್ಲೇ ಹಾಕಿ ಅಪ್‌ಡೇಟ್ ಮಾಡಿಸಿಕೊಳ್ಳಿ. ಕೌಂಟರ್‌ನಲ್ಲಿ ನಗದು ಕೊಟ್ಟರೆ ಇನ್ನೂ ಒಳ್ಳೆಯದು, ನೇರವಾಗಿ ಚಿಪ್‌ಗೇ ಹೋಗುತ್ತದೆ. ಚಿಪ್‌ನಲ್ಲಿ 2000 ರೂಪಾಯಿವರೆಗೆ ಇಡಬಹುದು ನಿಜ, ಆದರೆ ಅಷ್ಟು ಇಡಬೇಡಿ. ಕಾರ್ಡ್ ಕಳೆದರೆ ಚಿಪ್‌ನಲ್ಲಿದ್ದ ದುಡ್ಡು ಅದರ ಜೊತೆಗೇ ಹೋಯಿತು. ಗೇಟಿನಲ್ಲಿ ಪಿನ್ ಕೇಳುವುದಿಲ್ಲ, ಸಿಕ್ಕವರು ಬಳಸಬಹುದು, ನೀವು ಬ್ಲಾಕ್ ಮಾಡಿಸಿದರೂ ಅದು ವಾಪಸ್ ಬರುವುದಿಲ್ಲ.

ಅಪ್‌ಡೇಟ್ ವಿಫಲವಾದರೆ ಯಂತ್ರದ ಚೀಟಿ ಕೇಳಿ ಇಟ್ಟುಕೊಳ್ಳಿ, ಯುಪಿಐ ವಹಿವಾಟಿನ ನಂಬರನ್ನೂ ಬರೆದಿಡಿ. ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರ್‌ಗೆ ಮಾತ್ರ ಫೋನ್ ಮಾಡಬೇಡಿ, ಅದರಲ್ಲಿ ಮೋಸದವರ ನಂಬರ್‌ಗಳೂ ಇರುತ್ತವೆ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರ್‌ಗೇ ಮಾಡಿ, ದೂರನ್ನು ಬರಹದಲ್ಲಿ ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ.