ಚೆಕ್ ಬೌನ್ಸ್ ನೋಟಿಸ್ ಬಂದರೆ ದಯವಿಟ್ಟು ವಾಪಸ್ ಕಳಿಸಬೇಡಿ

ಬೇಲೂರು ಹತ್ತಿರದ ಹಳ್ಳಿಯವನು ನಾನು. ತರಕಾರಿ, ಶುಂಠಿ ಮೂಟೆ ಸಾಗಿಸೋಕೆ ಒಂದು ಲಗೇಜ್ ಆಟೋ ಇಟ್ಟುಕೊಂಡಿದ್ದೇನೆ. ಅದಕ್ಕೆ ಹಾಸನದ ಒಂದು ಖಾಸಗಿ ಫೈನಾನ್ಸ್‌ನಲ್ಲಿ ಸಾಲ ಮಾಡಿದ್ದೆ. ತಿಂಗಳಿಗೆ 14,500 ರೂಪಾಯಿ ಕಂತು. ಕಳೆದ ವರ್ಷ ಬಾಡಿಗೆ ಸರಿಯಾಗಿ ಸಿಗದೆ ಮೂರು ಕಂತು ನಿಂತುಹೋಯಿತು. ಕಲೆಕ್ಷನ್‌ಗೆ ಬಂದ ಹುಡುಗ ಮನೆ ಮುಂದೆ ಕೂತ. ಮೂರೂ ಕಂತು ಸೇರಿಸಿ 43,500ಕ್ಕೆ ಜೂನ್ 10ರ ತಾರೀಖು ಹಾಕಿ ಚೆಕ್ ಬರೆದುಕೊಟ್ಟೆ. ಅಲ್ಲಿಂದ ನಾನು ಮಾಡಿದ ತಪ್ಪುಗಳನ್ನು ಇಲ್ಲಿ ಬರೀತಿದ್ದೇನೆ. ಇದೇ ಪರಿಸ್ಥಿತಿಯಲ್ಲಿ ಇರೋರು ನಮ್ಮ ಕಡೆ ಬಹಳ ಜನ ಇದ್ದಾರೆ ಅಂತ ನನಗೆ ಗೊತ್ತು.

ಜೂನ್ 6ರಂದು ಒಬ್ಬ ವ್ಯಾಪಾರಿ ಬಾಕಿ ಕೊಟ್ಟರು. ಅದರಲ್ಲಿ 15,000 ರೂಪಾಯಿಯನ್ನು ಅದೇ ಹುಡುಗನ ಕೈಗೆ ನಗದಾಗಿ ಕೊಟ್ಟೆ. "ಆಫೀಸಲ್ಲಿ ಹೇಳ್ತೀನಿ ಅಣ್ಣ, ಚೆಕ್ ಹಾಕಲ್ಲ" ಅಂದ. ರಸೀದಿ ಕೇಳಿದರೆ ಬುಕ್ ತಂದಿಲ್ಲ ಅಂದ. ನಾನೂ ಸುಮ್ಮನಾದೆ. ಜೂನ್ 12ಕ್ಕೆ ಚೆಕ್ ಬ್ಯಾಂಕಿಗೆ ಬಿತ್ತು, ಪೂರ್ತಿ 43,500ಕ್ಕೇ. ಖಾತೆಯಲ್ಲಿ ಇದ್ದದ್ದು 9,200. ಚೆಕ್ ವಾಪಸ್ ಆಯಿತು, ಬ್ಯಾಂಕಿನವರು ಚಾರ್ಜ್ ಕೂಡ ಹಿಡಿದರು.

ಆಮೇಲೆ ಫೋನ್ ಶುರುವಾಯಿತು. "ಪೊಲೀಸರು ಬಂದು ಎತ್ತಾಕೊಂಡು ಹೋಗ್ತಾರೆ" ಅಂತ ಒಬ್ಬ ಹೆದರಿಸಿದ. ಇದು ಸುಳ್ಳು. ಚೆಕ್ ಬೌನ್ಸ್ ಆಯಿತು ಅಂತಷ್ಟೇ ಪೊಲೀಸರು ತಾವಾಗಿ ಬಂದು ಹಿಡಿಯೋ ಹಾಗಿಲ್ಲ. ಚೆಕ್ ಪಡೆದವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಪೊಲೀಸರು ಮನೆಗೆ ಬರೋದು ಸಾಮಾನ್ಯವಾಗಿ ಕೋರ್ಟಿನ ಸಮನ್ಸ್‌ಗೆ ಹಾಜರಾಗದೆ ವಾರಂಟ್ ಹೊರಟಾಗ. ಆದರೆ ಆ ಬೆದರಿಕೆ ಸುಳ್ಳು ಅಂತ ಗೊತ್ತಾದ ಕೂಡಲೇ ಎಲ್ಲಾನೂ ಸುಳ್ಳು ಅಂದುಕೊಂಡೆ. ಅದೇ ನನ್ನನ್ನು ಕೆಡಿಸಿತು.

ಜುಲೈ 3. ಜೋರು ಮಳೆ. ಪೋಸ್ಟ್ ಅಣ್ಣ ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ರಿಜಿಸ್ಟರ್ಡ್ ಲಕೋಟೆ ತೆಗೆದರು. ಮೇಲೆ ಲಾಯರ್ ಸೀಲು, ಹಿಂದೆ ಸಹಿ ಹಾಕೋ ಕಾರ್ಡು. ಪಕ್ಕದಲ್ಲಿದ್ದ ನಮ್ಮ ಭಾವ, "ತಗೋಬೇಡ, ತಗೊಂಡ್ರೆ ಸಿಕ್ಕಿಹಾಕ್ಕೊಳ್ತೀಯ. ನೋಟಿಸ್ ಸಿಗದಿದ್ರೆ ಕೇಸೇ ನಿಲ್ಲಲ್ಲ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಬೇಡ ಅಂದೆ. ಪೋಸ್ಟ್ ಅಣ್ಣ ಲಕೋಟೆ ಮೇಲೆ "ನಿರಾಕರಿಸಿದ್ದಾರೆ" ಅಂತ ಬರೆದು, ತಾರೀಖು ಹಾಕಿ ತಗೊಂಡು ಹೋದರು.

ಆ ಒಂದು ಪದ ನನ್ನ ವಿರುದ್ಧದ ಸಾಕ್ಷಿ ಆಯಿತು. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ಬೇಡ ಅಂದರೂ ಅದು ತಲುಪಿದ ಹಾಗೆಯೇ ಲೆಕ್ಕ. ಸುಪ್ರೀಂ ಕೋರ್ಟ್ 2007ರಲ್ಲೇ ಇದರ ಬಗ್ಗೆ ತೀರ್ಪು ಕೊಟ್ಟಿದೆ. ನಿಜವಾಗಲೂ ನೋಟಿಸ್ ಸಿಗದೇ ಇದ್ದವರಿಗೆ ಅದೇ ತೀರ್ಪಿನಲ್ಲಿ ಒಂದು ದಾರಿ ಇದೆ. ಕೋರ್ಟಿನ ಸಮನ್ಸ್ ಕೈಸೇರಿದ 15 ದಿನದೊಳಗೆ ಚೆಕ್ಕಿನ ಹಣ ಕಟ್ಟಿ, ಕೋರ್ಟಿಗೆ ಅದನ್ನು ತಿಳಿಸಿ, ದೂರು ವಜಾ ಮಾಡಿ ಅಂತ ಕೇಳಬಹುದು. ನಾನು ಬೇಕಂತಲೇ ಬೇಡ ಅಂದವನು. ಕೋರ್ಟಲ್ಲಿ ನಿಂತು ಗೊತ್ತೇ ಇರಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಕಾನೂನಿನ ಲೆಕ್ಕ ಹೀಗಿದೆ. ಇದು 1881ರ ಕಾಯ್ದೆಯ 138ನೇ ಕಲಂ. ಚೆಕ್ ವಾಪಸ್ ಆದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಅವರು ಲಿಖಿತ ನೋಟಿಸ್ ಕಳಿಸಬೇಕು. ಅದು ತಲುಪಿದ ಮೇಲೆ ನಮಗೆ 15 ದಿನ. ಅಷ್ಟರಲ್ಲಿ ಚೆಕ್ಕಿನ ಹಣ ಪೂರ್ತಿ ಕೊಟ್ಟರೆ ಅಪರಾಧವೇ ಆಗೋದಿಲ್ಲ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಅವರು ದೂರು ಹಾಕಬಹುದು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲ ಎರಡೂ. ಅಂದರೆ ಜುಲೈ 18ರ ತನಕ ನನಗೆ ಬಾಗಿಲು ತೆರೆದೇ ಇತ್ತು. ಹೆಂಡತಿಯ ಸರ ಅಡವಿಟ್ಟಿದ್ದರೂ ಅಲ್ಲಿಗೇ ಮುಗೀತಿತ್ತು. ಲಕೋಟೆ ಒಡೆಯದ ನನಗೆ ಆ 15 ದಿನ ಇದೆ ಅನ್ನೋದೇ ಗೊತ್ತಾಗಲಿಲ್ಲ.

ಅಕ್ಟೋಬರ್‌ನಲ್ಲಿ ಸಮನ್ಸ್ ಬಂತು. ಬೇಲೂರಿನಿಂದಲೂ ಅಲ್ಲ, ಹಾಸನದಿಂದಲೂ ಅಲ್ಲ, ಬೆಂಗಳೂರಿನಿಂದ. ಚೆಕ್ ಪಡೆದವರ ಖಾತೆ ಯಾವ ಶಾಖೆಯಲ್ಲಿದೆಯೋ ಆ ಊರಿನ ಕೋರ್ಟಲ್ಲಿ ಕೇಸು ಅಂತ 2015ರಲ್ಲಿ ಕಾಯ್ದೆ ತಿದ್ದಿದ್ದಾರೆ. ಆ ಫೈನಾನ್ಸ್‌ನ ಖಾತೆ ಬೆಂಗಳೂರಲ್ಲಿತ್ತು. ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ. ರಾತ್ರಿ ಬಸ್ ಹತ್ತಿ ಹೋಗಬೇಕು, ಹೆಸರು ಕೂಗೋ ತನಕ ಬಾಗಿಲಲ್ಲಿ ನಿಲ್ಲಬೇಕು, ಮುಂದಿನ ತಾರೀಖು ಬರೆದುಕೊಂಡು ವಾಪಸ್ ಬರಬೇಕು. ಹೀಗೆ ನಾಲ್ಕು ಸಲ ಆಯಿತು. ಆ ದಿನಗಳ ಬಾಡಿಗೆಯೂ ಹೋಯಿತು.

ಲಾಯರ್ ಮೊದಲು ಕೇಳಿದ್ದೇ 15,000ದ ರಸೀದಿ. "ಅದೊಂದು ಇದ್ದಿದ್ರೆ ನಿಮ್ಮ ಕೇಸೇ ಬೇರೆ ಆಗ್ತಿತ್ತು" ಅಂದರು. ಚೆಕ್ ಕೊಟ್ಟ ಮೇಲೆ, ಅದನ್ನು ಬ್ಯಾಂಕಿಗೆ ಹಾಕೋ ಮುಂಚೆ, ಸ್ವಲ್ಪ ಹಣ ಕಟ್ಟಿದ್ದರೆ ಅದನ್ನು ಚೆಕ್ ಮೇಲೆ ನಮೂದಿಸಬೇಕು. ಹಾಗೆ ಮಾಡದೆ ಪೂರ್ತಿ ಮೊತ್ತಕ್ಕೆ ಹಾಕಿ ಬೌನ್ಸ್ ಆದರೆ 138ರ ಅಪರಾಧ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನನಗೆ ಉಳಿದಿದ್ದ ಸಾಲ 28,500. ಅವರು ಹಾಕಿದ್ದು 43,500ಕ್ಕೆ. ಆದರೆ ಸಾಬೀತು ಮಾಡೋಕೆ ಕೈಯಲ್ಲಿ ಒಂದು ಚೂರು ಕಾಗದ ಇಲ್ಲ. ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಸಹಿ ನಮ್ಮದು ಅಂತ ಒಪ್ಪಿಕೊಂಡ ಮೇಲೆ ಚೆಕ್ ಸಾಲಕ್ಕೇ ಕೊಟ್ಟದ್ದು ಅಂತ ಕಾನೂನು ನಂಬುತ್ತೆ, ಅಲ್ಲ ಅಂತ ತೋರಿಸೋ ಹೊಣೆ ನಮ್ಮದು. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟಿದ್ದರೂ ಇದೇ ಮಾತು.

ಹಾಗಾಗಿ ಕೇಳಿಕೊಳ್ತೇನೆ, ಲಕೋಟೆ ತಗೊಳ್ಳಿ. ಯಾವತ್ತು ಬಂತು ಅಂತ ಅದರ ಮೇಲೇ ಬರೆದಿಡಿ. ಹಣ ಹೊಂದಿಸೋಕೆ ಆದರೆ 15 ದಿನದೊಳಗೆ ಚೆಕ್ಕಿನ ಪೂರ್ತಿ ಮೊತ್ತವನ್ನು ಬ್ಯಾಂಕ್ ಮೂಲಕವೇ ಕಳಿಸಿ, ಇಲ್ಲ ಡಿಡಿ ಕೊಡಿ. ಚೆಕ್ ನಂಬರ್ ಬರೆದ ಒಂದು ಪತ್ರವನ್ನು ಸ್ಪೀಡ್ ಪೋಸ್ಟಲ್ಲಿ ಅವರ ಲಾಯರ್‌ಗೆ ಹಾಕಿ. ನೋಟಿಸ್‌ನಲ್ಲಿ ಲಾಯರ್ ಫೀಸು, ಬಡ್ಡಿ ಅಂತ ಇನ್ನೂ ಏನೇನೋ ಸೇರಿಸಿರುತ್ತಾರೆ. ಕೇಸು ತಪ್ಪಿಸೋಕೆ ಕೊಡಬೇಕಾದ್ದು ಚೆಕ್ಕಿನ ಮೊತ್ತ. ಅರ್ಧ ಮಾತ್ರ ಕೊಟ್ಟರೆ ಕೇಸು ತಪ್ಪಲ್ಲ. ಹಣ ಇಲ್ಲ, ಇಲ್ಲವೇ ಮೊತ್ತವೇ ತಪ್ಪು ಅಂತಾದರೆ ಲಾಯರ್ ಕೈಲಿ ಉತ್ತರ ಬರೆಸಿ. ನೀವೇ ಬರೆದು ಏನೇನೋ ಒಪ್ಪಿಕೊಳ್ಳಬೇಡಿ. ಲಾಯರ್‌ಗೆ ಕೊಡೋಕೆ ಆಗದವರು ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಚೆಕ್ ಬದಲು ಆಟೋ ಡೆಬಿಟ್ ಕೊಟ್ಟವರೂ ನಿರಾಳವಾಗಿ ಇರಬೇಡಿ, ಅದು ಫೇಲ್ ಆದರೂ 2007ರ ಇನ್ನೊಂದು ಕಾಯ್ದೆಯಲ್ಲಿ ಇಂಥದ್ದೇ ಕೇಸು ಹಾಕಬಹುದು.

ನನ್ನ ಕೇಸು ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಎರಡು ಕಂತಲ್ಲಿ 46,000 ಕೊಟ್ಟೆ. ಆ 15,000 ಲೆಕ್ಕಕ್ಕೆ ಬರಲೇ ಇಲ್ಲ. ರಾಜಿ ಪತ್ರಕ್ಕೆ ಸಹಿ ಹಾಕೋ ಮುಂಚೆ ನಮ್ಮ ಲಾಯರ್ ಒಂದು ಸಾಲು ಸೇರಿಸಿದರು. ಸಾಲ ಕೊಡುವಾಗ ನನ್ನಿಂದ ಸಹಿ ಹಾಕಿಸಿಕೊಂಡಿದ್ದ ಮೂರು ಖಾಲಿ ಚೆಕ್‌ಗಳನ್ನೂ ಫೈನಾನ್ಸ್‌ನವರು ವಾಪಸ್ ಕೊಡಬೇಕು ಅಂತ. ಅವು ಅಲ್ಲಿದ್ದವು ಅನ್ನೋದನ್ನೇ ನಾನು ಮರೆತಿದ್ದೆ. ನೀವು ಎಷ್ಟು ಕೊಟ್ಟಿದ್ದೀರಿ ಅಂತ ಇವತ್ತೇ ನಿಮ್ಮ ಚೆಕ್ ಬುಕ್ಕಿನ ಕೌಂಟರ್‌ಫಾಯಿಲ್ ನೋಡಿ, ನಂಬರ್ ಬರೆದಿಟ್ಟುಕೊಳ್ಳಿ.