ಲೈಟ್ ರೋಸ್ಟ್ ಪೋರ್-ಓವರ್‌ಗೆ ಯಾವ ಗೂಸ್‌ನೆಕ್ ಕೆಟಲ್: ಒಲೆ ಮೇಲಿನದೋ, ಡಿಗ್ರಿ ತೋರಿಸುವ ಕರೆಂಟಿನದೋ?

ಲೈಟ್ ರೋಸ್ಟ್ ಮಾತ್ರ ಕುಡಿಯುವವರಾದರೆ ಒಲೆ ಮೇಲಿಡುವ ಸಾದಾ ಗೂಸ್‌ನೆಕ್ ಸಾಕು. ಕಡಿಮೆ ಹುರಿದ ಬೀಜ ಗಟ್ಟಿ, ರಸ ಸುಲಭಕ್ಕೆ ಬಿಡುವುದಿಲ್ಲ; ಅದಕ್ಕೆ ಕುದಿನೀರೇ ಬೇಕು. ನಮ್ಮ ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಕೆಟಲ್‌ನಲ್ಲಿ 100 ಎಂದು ಒತ್ತಿದರೂ ಅದಕ್ಕಿಂತ ಮೇಲೇರದು.

15 ಗ್ರಾಂ ಪುಡಿಗೆ 250 ಗ್ರಾಂ ನೀರು ಎಂದಿಟ್ಟುಕೊಳ್ಳಿ. ಕುದಿನೀರಿನಿಂದ ಫಿಲ್ಟರ್ ತೊಳೆದು ಡ್ರಿಪ್ಪರ್ ಬಿಸಿ ಮಾಡಿ. 45 ಗ್ರಾಂ ಸುರಿದು 40 ಸೆಕೆಂಡ್ ಬಿಡಿ, ಉಳಿದದ್ದನ್ನು ಎರಡು ಸಲಕ್ಕೆ ಸುರಿಯಿರಿ. ಮೂರು ನಿಮಿಷದ ಆಸುಪಾಸು ಇಳಿಯಬೇಕು. ಎರಡೇ ನಿಮಿಷಕ್ಕೆ ಇಳಿದು ಹುಳಿ, ತೆಳು ಎನಿಸಿದರೆ ಮೊದಲು ಪುಡಿ ಸಣ್ಣ ಮಾಡಿ. ಬೇರೆ ಪಾತ್ರೆಯಲ್ಲಿ ಕುದಿಸಿ ತಣ್ಣನೆಯ ಗೂಸ್‌ನೆಕ್‌ಗೆ ಸುರಿದರೆ ಹಲವು ಡಿಗ್ರಿ ಅಲ್ಲೇ ಹೋಗುತ್ತದೆ. ಹುಳಿಗೆ ಇದೂ ಕಾರಣ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು 2020ರಲ್ಲಿ 87, 90, 93 ಡಿಗ್ರಿಯ ಕಾಫಿಗಳನ್ನು ಹೋಲಿಸಿದರು. ಕಾಫಿ ಎಷ್ಟು ಸ್ಟ್ರಾಂಗ್ ಎಂಬುದು, ರಸ ಇಳಿದ ಪ್ರಮಾಣ ಎರಡನ್ನೂ ಸಮ ಮಾಡಿದಾಗ ರುಚಿಯಲ್ಲಿ ಅಂತರ ಬಹಳ ಕಡಿಮೆ. ಅಂದರೆ ಬಿಸಿಯ ಕೆಲಸ ಮುಖ್ಯವಾಗಿ ರಸ ಇಳಿಸುವುದು.

ಕರೆಂಟಿನ ಕೆಟಲ್‌ಗೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವಾಗುವುದು ಡಾರ್ಕ್ ರೋಸ್ಟೂ ಮಾಡುವ ಮನೆಯಲ್ಲಿ: 88ಕ್ಕೆ ನಿಲ್ಲಿಸಿದರೆ ಕಹಿ ತಗ್ಗುತ್ತದೆ.

ಯಾವುದೇ ಕೊಂಡರೂ ಅಂಗಡಿಯಲ್ಲೇ ನೀರು ತುಂಬಿ ಬಗ್ಗಿಸಿ ನೋಡಿ. ಧಾರೆ ಸಣ್ಣಗೆ, ಕಡಿಯದೆ, ನೇರ ಕೆಳಗೆ ಬೀಳಬೇಕು.