ಕಲೆ ಹೋಯಿತು, ತೇಪೆ ಉಳಿಯಿತು: Mask blur ಜೊತೆ ಒಂದು ವರ್ಷ

ಮನೆಯ ಹಳೇ ಫೋಟೊಗಳ ಕಲೆ ತೆಗೆಯಲು ಒಂದು ವರ್ಷದಿಂದ ಚಿತ್ರ ಬಿಡಿಸುವ ಎಐ ಆದ ಸ್ಟೇಬಲ್ ಡಿಫ್ಯೂಷನ್ ವೆಬ್‌ಯುಐ ಬಳಸುತ್ತಿದ್ದೇನೆ. ರಾತ್ರಿ ಮಕ್ಕಳು ಮಲಗಿದ ಮೇಲೆ ದಿನಕ್ಕೆ ಒಂದೇ ಫೋಟೊ. ಇನ್‌ಸ್ಟಾಲ್ ಮಾಡುವುದು, ಮಾಡೆಲ್ ಹಾಕುವುದು ನಿಮಗೆ ಗೊತ್ತಿರುತ್ತದೆ. ನನ್ನನ್ನು ಮೂರು ತಿಂಗಳು ಕಾಡಿದ್ದು, ಬ್ರಷ್ ಹಚ್ಚಿ ಗುರುತಿಸಿದ ಭಾಗದ, ಅಂದರೆ ಮಾಸ್ಕಿನ, ಅಂಚನ್ನು ಮೆದುಗೊಳಿಸುವ `Mask blur`.

ಅಪ್ಪ-ಅಮ್ಮನ ಮದುವೆ ಫೋಟೊ, ಸ್ಕ್ಯಾನ್ ಅಗಲ 3000 ಪಿಕ್ಸೆಲ್. ಅಮ್ಮನ ಹಿಂದಿನ ಗೋಡೆಯಲ್ಲಿ 120 ಪಿಕ್ಸೆಲ್‌ನಷ್ಟು ಬೂಷ್ಟಿನ ಕಲೆ. ಮಾಸ್ಕಿನ ಸುತ್ತಲಿನ ಚೌಕವನ್ನಷ್ಟೇ ಕತ್ತರಿಸಿ ಬಿಡಿಸುವ `Only masked` ಆರಿಸಿ, ಕಲೆಯ ಮೇಲೆ ಬ್ರಷ್ ಹಚ್ಚಿ ಓಡಿಸಿದೆ. ಕಲೆ ಹೋಯಿತು, ಆದರೆ ಪಂಚೆಗೆ ಹಾಕಿದ ತೇಪೆಯ ಹಾಗೆ ಸುತ್ತಲೂ ಗೆರೆ ನಿಂತಿತು. ಪ್ರಾಂಪ್ಟ್ ಬದಲಿಸಿದೆ, ಮಾಡೆಲ್ ಬದಲಿಸಿದೆ, ಗೆರೆ ಜಗ್ಗಲಿಲ್ಲ. ಈ ಬ್ಲರ್ ಲೆಕ್ಕವಾಗುವುದು ಮೂಲ ಫೋಟೊದ ಪಿಕ್ಸೆಲ್‌ನಲ್ಲಿ ಎಂಬುದು ಆಮೇಲೆ ಹೊಳೆಯಿತು. ಮೊದಲೇ ಕೂತಿರುವ 4, ಸಣ್ಣ ಚಿತ್ರಕ್ಕೆ ಸಾಕು; ಇಷ್ಟು ದೊಡ್ಡ ಸ್ಕ್ಯಾನಿಗೆ ಕೂದಲೆಳೆ. 20ಕ್ಕೆ ಏರಿಸಿದೆ. ಗೋಡೆ ಗೋಡೆಯಲ್ಲಿ ಬೆರೆತುಹೋಯಿತು. ಆ ರಾತ್ರಿ ಎಷ್ಟು ಸಲ ಹಳೆಯದನ್ನೂ ಹೊಸದನ್ನೂ ತಿರುಗಿಸಿ ನೋಡಿದೆನೋ!

ಆ ಖುಷಿಯಲ್ಲಿ ಎಲ್ಲದಕ್ಕೂ 20 ಇಟ್ಟೆ. ಸೆರಗಿನ ಮೇಲಿದ್ದ ತೆಳು ಗೀರಿಗೆ ಅದೇ ಮುಳುವಾಯಿತು: ಗೀರು ಅಳಿಯದೆ ಮಸುಕಾಗಿ ಉಳಿಯಿತು. ಬ್ಲರ್ ಹೊರಗೆ ಚಾಚುವಷ್ಟೇ ಮಾಸ್ಕಿನ ಒಳಗನ್ನೂ ತಿನ್ನುತ್ತದೆ. ತೆಳು ಮಾಸ್ಕಿನ ನಡುಭಾಗವೂ ಪೂರ್ತಿ ಬಿಳಿಯಾಗದಿದ್ದರೆ ಹಳೆಯ ಚಿತ್ರ ಅಲ್ಲಿಂದ ಇಣುಕುತ್ತದೆ. ಹೀಗೆ ನೆರಳು ಉಳಿದರೆ ದೋಷ ಬ್ಲರ್‌ನದು, ಮಾಡೆಲ್‌ನದಲ್ಲ. ಈಗ ನಾನು ಕಲೆಯ ಅಂಚಿನಿಂದ ಬ್ಲರ್‌ನ ಎರಡರಷ್ಟು ಹೊರಗೆ ಬ್ರಷ್ ಎಳೆಯುತ್ತೇನೆ. 20 ಇದ್ದರೆ 40 ಪಿಕ್ಸೆಲ್. ಪಕ್ಕದಲ್ಲೇ ಜರಿಯೋ ಮುಖವೋ ಇದ್ದು ಜಾಗ ಸಾಲದಿದ್ದರೆ ಬ್ಲರ್ ಅನ್ನು 4–6ಕ್ಕೆ ಇಳಿಸುತ್ತೇನೆ.

ಇನ್ನು `Only masked padding, pixels`. ಇದು ಅಂಚನ್ನು ಮೆದುಗೊಳಿಸುವುದಿಲ್ಲ. ಮಾಡೆಲ್‌ಗೆ ಸುತ್ತಲಿನದು ಎಷ್ಟು ಕಾಣಬೇಕು ಎಂದು ಹೇಳುತ್ತದೆ, ಅಷ್ಟೆ. 32ರಲ್ಲಿ ಗೋಡೆಯ ಒಂದು ಪಟ್ಟಿ ಮಾತ್ರ ಕಂಡು, ಬೆಳಕು ಎತ್ತಲಿಂದ ಬರುತ್ತಿದೆ ಎಂದು ತಿಳಿಯದೆ ಬಣ್ಣ ತಪ್ಪುತ್ತಿತ್ತು. ಗೋಡೆಯ ಆ ಕಲೆಗೆ ಎಳೆದ ಮಾಸ್ಕು 200 ಪಿಕ್ಸೆಲ್, ಬ್ಲರ್ ಚಾಚಿದ್ದೂ ಸೇರಿ ಸುಮಾರು 300. ಪ್ಯಾಡಿಂಗ್ 100 ಇಟ್ಟಾಗ ಎರಡೂ ಬದಿ ಸೇರಿ ಚೌಕ 500 ಆಯಿತು. ನನ್ನ 6 ಜಿಬಿ ಕಾರ್ಡು ಆರಾಮಾಗಿ ಬಿಡಿಸುವುದು 512, ಹಾಗಾಗಿ ಅಳತೆ ಸರಿಹೋಯಿತು. ಆಸೆಗೆ ಬಿದ್ದು 256 ಇಟ್ಟರೆ 800ರ ಚೌಕ 512ಕ್ಕೆ ಕುಗ್ಗಿ, ಮತ್ತೆ ಹಿಗ್ಗಿ, ತೇಪೆ ಹಾಕಿದ ಭಾಗ ಮಾತ್ರ ಮಂಕಾಗುತ್ತದೆ.

ಒಂದು ಕೊರತೆಗೆ ಈ ಎರಡೂ ಸ್ಲೈಡರಿನಲ್ಲಿ ಮದ್ದಿಲ್ಲ. ಹಳೆ ಫೋಟೊದ ಮರಳು ಮರಳಾದ ಕಾಳು ಹೊಸ ಭಾಗದಲ್ಲಿ ಇರುವುದಿಲ್ಲ. 100% ಜೂಮ್‌ನಲ್ಲಿ ಅಂಚು ಕಾಣದಿದ್ದರೂ ಅಲ್ಲಿ ನುಣುಪು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಕೊನೆಗೆ ಗಿಂಪ್‌ನಲ್ಲಿ ಆ ಭಾಗವನ್ನಷ್ಟೇ ಆರಿಸಿ, ಅದೇ 20 ಪಿಕ್ಸೆಲ್ ಫೆದರ್ ಕೊಟ್ಟು, ಚೂರು ನಾಯ್ಸ್ ಉದುರಿಸಿ ಮಲಗಲು ಹೋಗುತ್ತೇನೆ.